ಎಂಟೇ ಬಳ್ಳಿಗಳ ತೂಕದಿಂದ ಇಡೀ ತೋಟದ ಸರಾಸರಿ: ಬೂಟ್‌ಸ್ಟ್ರ್ಯಾಪ್ ಕೊಟ್ಟ ವ್ಯಾಪ್ತಿಯನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಕಾಫಿಕಣಿವೆ

ಸಕಲೇಶಪುರದ ಕಡೆಯ ನಮ್ಮ ಕಾಫಿ ತೋಟದಲ್ಲಿ ನೆರಳಿನ ಮರಗಳಿಗೆ ಹಬ್ಬಿಸಿದ ಸುಮಾರು 1,200 ಕಾಳುಮೆಣಸಿನ ಬಳ್ಳಿಗಳಿವೆ. ಒಂದು ಬಳ್ಳಿಗೆ ಸರಾಸರಿ ಎಷ್ಟು ಒಣ ಮೆಣಸು ಬರುತ್ತದೆ ಎಂದು ತಿಳಿದರೆ ಒಟ್ಟು ಫಸಲಿನ ಅಂದಾಜು ಸಿಗುತ್ತದೆಂಬ ಲೆಕ್ಕದಲ್ಲಿ, ಈ ಬಾರಿ ಎಂಟು ಬಳ್ಳಿಗಳ ಕೊಯ್ಲನ್ನು ಬೇರೆ ಬೇರೆ ಚೀಲಗಳಲ್ಲಿ ಕಟ್ಟಿಸಿ, ಕಣದಲ್ಲಿ ಒಂದಕ್ಕೊಂದು ಬೆರೆಯದಂತೆ ಒಣಗಿಸಿ ತೂಗಿದೆ. ಕೆ.ಜಿ. ಲೆಕ್ಕದಲ್ಲಿ ಬಂದ ಅಂಕಿಗಳು ಇವು: 0.9, 1.4, 1.1, 2.3, 0.7, 1.6, 1.2, 6.4. ಸರಾಸರಿ 1.95.

ಎಂಟೇ ಬಳ್ಳಿಗಳಿಂದ ಬಂದ ಈ 1.95 ಎಷ್ಟು ಆಚೀಚೆ ಆಗಬಹುದೆಂದು ತಿಳಿಯಲು ನನ್ನ ಮಗಳು, ತೂಗಿದ ಅಂಕಿಗಳಿಂದಲೇ ಮತ್ತೆ ಮತ್ತೆ ಎಂಟೆಂಟನ್ನು ಎತ್ತಿ ಸರಾಸರಿ ತೆಗೆಯುವ ಬೂಟ್‌ಸ್ಟ್ರ್ಯಾಪ್ ವಿಧಾನವನ್ನು ಸೂಚಿಸಿ, ಕೆಳಗಿನ ಸಾಲುಗಳನ್ನು ಬರೆದುಕೊಟ್ಟು ಕಾಲೇಜಿಗೆ ಮರಳಿದಳು.

```python
import numpy as np
rng = np.random.default_rng(7)
x = np.array([0.9, 1.4, 1.1, 2.3, 0.7, 1.6, 1.2, 6.4])
m = rng.choice(x, size=(10000, x.size), replace=True).mean(axis=1)
print(x.mean(), m.std(), np.percentile(m, [2.5, 97.5]))
```

ಓಡಿಸಿದಾಗ ಸರಾಸರಿಯ ಏರಿಳಿತದ ಅಳತೆಯಾದ ಮಾನಕ ದೋಷ ಸುಮಾರು 0.62 ಎಂದೂ, ಶೇ. 95ರ ವ್ಯಾಪ್ತಿ ಸುಮಾರು 1.07ರಿಂದ 3.31 ಎಂದೂ ಬರುತ್ತದೆ. ನನಗೆ ಎರಡು ಸಂಶಯಗಳಿವೆ. ಎತ್ತಿದ ಬಳ್ಳಿಯನ್ನೇ ಮತ್ತೆ ಎತ್ತಬಹುದು ಎನ್ನುವುದು ಏಕೆ? ತೋಟದಲ್ಲಿ ಒಂದೇ ಬಳ್ಳಿಯನ್ನು ನಾನು ಎರಡು ಸಲ ಕೊಯ್ಯುವುದಿಲ್ಲವಲ್ಲ. ಎರಡನೆಯದು, ಹತ್ತು ಸಾವಿರ ಸರಾಸರಿಗಳ ಚಿತ್ರ ಬಿಡಿಸಿದರೆ ಒಂದು ಗುಡ್ಡದ ಬದಲು ಮೂರು ನಾಲ್ಕು ಗುಡ್ಡಗಳು ಸಾಲಾಗಿ ನಿಂತಿವೆ. ಇದು ಪ್ರೋಗ್ರಾಮಿನ ತಪ್ಪೇ?

ಕೋಡುಗಾರ

ಪ್ರೋಗ್ರಾಮು ಸರಿಯಾಗಿದೆ ಸರ್. ಚಿತ್ರ ಒರಟಾಗಿ ಕಾಣುವುದಕ್ಕೆ ಹತ್ತು ಸಾವಿರ ಸಾಲದಿರುವುದು ಕಾರಣವಿರಬೇಕು. ಹತ್ತು ಲಕ್ಷ ಮಾಡಿ ನೋಡಿ, ಗುಡ್ಡಗಳು ಕರಗಿ ವ್ಯಾಪ್ತಿಯೂ ಕಿರಿದಾಗುತ್ತದೆ. ಒಂದೇ ಬಳ್ಳಿ ಎರಡು ಸಲ ಬರುವುದು ಮನಸ್ಸಿಗೆ ಒಪ್ಪದಿದ್ದರೆ `replace=False` ಎಂದು ಕೊಟ್ಟು, ಪ್ರತಿ ಸಲ ಎಂಟರಲ್ಲಿ ಐದನ್ನು ಮಾತ್ರ ಎತ್ತಬಹುದು. ಆಗಲೂ ಸರಾಸರಿ ಸಲದಿಂದ ಸಲಕ್ಕೆ ಬದಲಾಗುತ್ತದೆ, ಅಳೆಯಬೇಕಾದದ್ದು ಅದೇ ತಾನೆ.

ಪ್ರಾಯಿಕ

ಕೋಡುಗಾರ ಅವರು ಹೇಳಿದ್ದರಲ್ಲಿ ಪ್ರೋಗ್ರಾಮು ಸರಿಯಾಗಿದೆ ಎಂಬುದು ಮಾತ್ರ ಪೂರ್ತಿ ಸರಿ. ಮೊದಲು ಮರಳಿ ಹಾಕುವ ವಿಷಯವನ್ನು ನೋಡೋಣ.

ಎಂಟು ತೂಕಗಳನ್ನು ಎಂಟು ಚೀಟಿಗಳಲ್ಲಿ ಬರೆದು ಡಬ್ಬಿಯಲ್ಲಿ ಹಾಕಿಕೊಳ್ಳಿ. ಎತ್ತಿದ ಚೀಟಿಯನ್ನು ಮರಳಿ ಹಾಕದೆ ಎಂಟನ್ನೂ ಎತ್ತಿದರೆ ಅದೇ ಎಂಟು ಚೀಟಿಗಳು ಬೇರೆ ಕ್ರಮದಲ್ಲಿ ಬರುತ್ತವೆ, ಸರಾಸರಿ ಪ್ರತಿ ಸಲವೂ 1.95. ಅದರಿಂದ ಏನೂ ತಿಳಿಯುವುದಿಲ್ಲ. ಪ್ರತಿ ಚೀಟಿಯನ್ನೂ ಬರೆದುಕೊಂಡು ಮರಳಿ ಹಾಕಿದರೆ ಒಂದು ಸಲ 1.1, 6.4, 0.9, 0.9, 0.7, 1.4, 6.4, 1.2 ಬರಬಹುದು, ಇದರ ಸರಾಸರಿ 2.375. ಇನ್ನೊಂದು ಸಲ 2.3, 1.6, 1.4, 1.2, 0.9, 0.7, 1.1, 1.1 ಬರಬಹುದು, 6.4 ಒಮ್ಮೆಯೂ ಬಾರದ ಕಾರಣ ಸರಾಸರಿ 1.29ಕ್ಕೆ ಇಳಿಯುತ್ತದೆ.

ಇಲ್ಲಿ 6.4 ಎರಡು ಸಲ ಬಂದಿತೆಂದರೆ ಅದೇ ಬಳ್ಳಿಯನ್ನು ಎರಡು ಸಲ ಕೊಯ್ದಂತೆ ಎಂದು ಓದಬೇಡಿ. ನೀವು ತೂಗದೆ ಬಿಟ್ಟ ಸಾವಿರಕ್ಕೂ ಹೆಚ್ಚು ಬಳ್ಳಿಗಳು ಹೇಗಿವೆಯೋ ನಮಗೆ ತಿಳಿಯದು, ತಿಳಿದಿರುವುದು ಈ ಎಂಟು ಮಾತ್ರ. ಹಾಗಾಗಿ ತೋಟದ ಎಂಟನೆಯ ಒಂದು ಭಾಗ 0.9ರಂತಹ ಬಳ್ಳಿಗಳು, ಇನ್ನೊಂದು ಎಂಟನೆಯ ಭಾಗ 1.4ರಂತಹವು, ಮತ್ತೊಂದು 6.4ರಂತಹವು ಎಂದು ಸದ್ಯಕ್ಕೆ ಇಟ್ಟುಕೊಂಡು, ಅಂತಹ ತೋಟದಿಂದ ಮತ್ತೆ ಮತ್ತೆ ಎಂಟೆಂಟು ಬಳ್ಳಿಗಳನ್ನು ಆರಿಸಿದ್ದರೆ ಸರಾಸರಿ ಎಷ್ಟು ತೂಗಾಡುತ್ತಿತ್ತು ಎಂದು ನೋಡುತ್ತೇವೆ. ಅಂತಹ ತೋಟದಲ್ಲಿ 6.4ರ ಸುಮಾರಿನ ಬಳ್ಳಿಗಳು ನೂರೈವತ್ತು ಇರುತ್ತವಾದ್ದರಿಂದ ಎಂಟರಲ್ಲಿ ಎರಡು ಅಂಥವೇ ಸಿಗುವುದು ಅಸಹಜವಲ್ಲ. ಬ್ರಾಡ್ಲಿ ಎಫ್ರಾನ್ 1979ರ ಪ್ರಬಂಧದಲ್ಲಿ ಮುಂದಿಟ್ಟ ಉಪಾಯದ ತಿರುಳು ಇಷ್ಟೇ.

ಎಂಟರಲ್ಲಿ ಐದನ್ನು ಮರಳಿ ಹಾಕದೆ ಎತ್ತುವ ಸಲಹೆಯ ಬಗ್ಗೆ ಹೇಳುವುದಾದರೆ, ಅದರಿಂದ ಬರುವ ಏರಿಳಿತ ಸುಮಾರು 0.51 ಮಾತ್ರ. ನೇರ ಸೂತ್ರದಿಂದ ನಿಮ್ಮ ಅಂಕಿಗಳ ಮಾನಕ ದೋಷ 0.66. ಐದರ ಬದಲು ನಾಲ್ಕನ್ನು ಎತ್ತಿದ್ದರೆ ಸರಿಯಾಗಿ 0.66 ಬರುತ್ತಿತ್ತು, ಏಕೆಂದರೆ ಕಡಿಮೆ ಎತ್ತುವುದರಿಂದ ಹೆಚ್ಚುವ ಏರಿಳಿತವೂ ಮರಳಿ ಹಾಕದಿರುವುದರಿಂದ ತಗ್ಗುವ ಏರಿಳಿತವೂ ಸರಿಯಾಗಿ ಅರ್ಧದಲ್ಲಿ ಒಂದನ್ನೊಂದು ಸರಿದೂಗಿಸುತ್ತವೆ. ಆರನ್ನೋ ಏಳನ್ನೋ ಎತ್ತಿದರೆ ಅಂಕಿ ಇನ್ನೂ ಕುಸಿಯುತ್ತದೆ. ಆದ್ದರಿಂದ ಕೋಡುಗಾರ ಅವರ ದಾರಿ ಪೂರ್ತಿ ತಪ್ಪಲ್ಲ, ಆದರೆ ಎಷ್ಟು ಎತ್ತಬೇಕೆಂಬುದು ಮನಸ್ಸಿಗೆ ಬಂದಂತೆ ಆರಿಸುವ ಸಂಖ್ಯೆಯಲ್ಲ.

ಕೋಡುಗಾರ

ನಾಲ್ಕರ ವಿಷಯ ನನಗೆ ತಿಳಿದಿರಲಿಲ್ಲ, ಈಗ ಓಡಿಸಿ ನೋಡಿದೆ, 0.66 ಬಂತು. ಆದರೆ ಬೂಟ್‌ಸ್ಟ್ರ್ಯಾಪ್ 0.62 ಕೊಡುತ್ತಿದೆ, ನೇರ ಸೂತ್ರ 0.66 ಕೊಡುತ್ತಿದೆ. ಹತ್ತು ಲಕ್ಷ ಸಲ ಮಾಡಿದರೂ 0.616ರ ಬಳಿಯೇ ನಿಲ್ಲುತ್ತದೆ. ಗುಡ್ಡಗಳೂ ಕರಗಲಿಲ್ಲ, ಬದಲಿಗೆ ಇನ್ನಷ್ಟು ಸ್ಪಷ್ಟವಾದವು.

ಪ್ರಾಯಿಕ

ಕರಗುವುದಿಲ್ಲ. ಹತ್ತು ಸಾವಿರವನ್ನು ಹತ್ತು ಲಕ್ಷ ಮಾಡಿದಾಗ ಕಡಿಮೆಯಾಗುವುದು ಚೀಟಿ ಎತ್ತುವ ಆಟದ ಸ್ವಂತ ಏರುಪೇರು ಮಾತ್ರ, ಅಂದರೆ 3.31 ಎಂಬುದು ಒಮ್ಮೆ 3.30, ಇನ್ನೊಮ್ಮೆ 3.32 ಎಂದು ಬದಲಾಗುವುದು ನಿಲ್ಲುತ್ತದೆ. ತೋಟದ ಬಗೆಗಿನ ಅನಿಶ್ಚಿತತೆ ಎಂಟು ಬಳ್ಳಿಗಳಿಂದ ಬಂದದ್ದು, ಕಂಪ್ಯೂಟರನ್ನು ರಾತ್ರಿಯೆಲ್ಲ ಓಡಿಸಿದರೂ ಅದು ಒಂಬತ್ತನೆಯ ಬಳ್ಳಿಯನ್ನು ತೂಗುವುದಿಲ್ಲ.

0.62 ಮತ್ತು 0.66ರ ವ್ಯತ್ಯಾಸಕ್ಕೆ ಕಾರಣ ಸರಳ. ಬೂಟ್‌ಸ್ಟ್ರ್ಯಾಪ್ ಎಂಟು ಚೀಟಿಗಳನ್ನೇ ಇಡೀ ತೋಟವೆಂದು ಹಿಡಿಯುವುದರಿಂದ, ವಿಚಲನೆಗಳ ವರ್ಗಗಳ ಮೊತ್ತವಾದ 24.3ನ್ನು ಅದು ಎಂಟರಿಂದ ಭಾಗಿಸಿದಂತಾಗುತ್ತದೆ. ಮಾದರಿಗೆ ನಾವು ಬಳಸುವ ಸೂತ್ರ ಏಳರಿಂದ ಭಾಗಿಸುತ್ತದೆ. ಎರಡರ ಅನುಪಾತ 7/8ರ ವರ್ಗಮೂಲ, ಅಂದರೆ 0.935. ಮಾದರಿಯಲ್ಲಿ ನೂರು ಅಂಕಿಗಳಿದ್ದರೆ ಇದನ್ನು ಯಾರೂ ಗಮನಿಸುವುದಿಲ್ಲ, ಎಂಟರಲ್ಲಿ ಇದು ಶೇ. 6ಕ್ಕಿಂತ ಹೆಚ್ಚು. ಸಣ್ಣ ಮಾದರಿಗಳಿಗೆ ಬೂಟ್‌ಸ್ಟ್ರ್ಯಾಪ್ ಹೇಳಿ ಮಾಡಿಸಿದ ಮದ್ದು ಎಂಬ ಮಾತು ಎಲ್ಲೆಡೆ ಹರಿದಾಡುತ್ತಿದೆಯಾದರೂ, ಮಾದರಿ ಸಣ್ಣದಾದಷ್ಟೂ ಅದು ಅನಿಶ್ಚಿತತೆಯನ್ನು ಹೆಚ್ಚು ಹೆಚ್ಚಾಗಿ ಕಡಿಮೆ ತೋರಿಸುತ್ತದೆ ಎಂಬುದೇ ವಾಸ್ತವ.

ಇನ್ನು ಗುಡ್ಡಗಳು. ಒಂದೊಂದು ಸಲ ಎತ್ತಿದ ಎಂಟರಲ್ಲಿ 6.4 ಎಷ್ಟು ಬಾರಿ ಬಂದಿದೆ ಎಂದು ಎಣಿಸಿ ವಿಂಗಡಿಸಿ ನೋಡಿ. ಒಮ್ಮೆಯೂ ಬಾರದ ಸಲಗಳು ಶೇ. 34, ಅವುಗಳ ಸರಾಸರಿ 1.31ರ ಸುತ್ತ ಗುಂಪುಗೂಡುತ್ತದೆ. ಒಮ್ಮೆ ಬಂದ ಸಲಗಳು ಶೇ. 39, ಅವು 1.95ರ ಸುತ್ತ ಇವೆ. ಎರಡು ಬಾರಿ ಬಂದವು ಶೇ. 20ರಷ್ಟು, 2.59ರ ಸುತ್ತ, ಮೂರು ಬಾರಿ ಬಂದವು ಶೇ. 6ಕ್ಕೂ ಕಡಿಮೆ, 3.22ರ ಸುತ್ತ. ನಿಮ್ಮ ಚಿತ್ರದ ಪ್ರತಿ ಗುಡ್ಡವೂ ಆ ಒಂದು ಬಳ್ಳಿ ಎಷ್ಟು ಸಲ ಬಂತೆಂಬುದರ ಎಣಿಕೆ. ವ್ಯಾಪ್ತಿಯ ಮೇಲಿನ ತುದಿಯಾದ 3.31 ಸರಿಯಾಗಿ ಮೂರು ಬಾರಿಯ ಗುಡ್ಡದ ಮೇಲೆ ಕುಳಿತಿದೆ. ಉಳಿದ ಏಳು ಬಳ್ಳಿಗಳಿಗೆ ಆ ತುದಿಯನ್ನು ನಿರ್ಧರಿಸುವಲ್ಲಿ ಹೆಚ್ಚಿನ ಪಾತ್ರವಿಲ್ಲ.

ಇಂತಹ ಚಿತ್ರ ಬಂದಾಗ ನಾನು ವ್ಯಾಪ್ತಿಯನ್ನು ಓದುವುದನ್ನು ನಿಲ್ಲಿಸಿ ಅಂಕಿಗಳತ್ತ ಮರಳುತ್ತೇನೆ. ಆ 6.4ರ ಬಳ್ಳಿಯ ಕಥೆ ಏನು?

ಮೆಣಸುಮಂಡಿ

ನನಗೆ ಇಷ್ಟು ಗಣಿತ ತಿಳಿಯದು. ಆದರೂ 1.07ರಿಂದ 3.31 ಎಂದರೆ ನೂರರಲ್ಲಿ ತೊಂಬತ್ತೈದು ಬಳ್ಳಿಗಳು ಇಷ್ಟರೊಳಗೆ ಕೊಡುತ್ತವೆ ಎಂದು ತಾನೆ? ಹಾಗಿದ್ದರೆ ಒಂದು ಕೆ.ಜಿ.ಗಿಂತ ಕಡಿಮೆ ಕೊಡುವ ಬಳ್ಳಿಗಳು ನಿಮ್ಮಲ್ಲಿ ಇಲ್ಲವೇ ಇಲ್ಲ ಎಂದಾಯಿತು. ನಾನು ನೋಡಿದ ಯಾವ ತೋಟವೂ ಹಾಗಿಲ್ಲ.

ಗಣಿತಮೇಡಂ

ಹಾಗಲ್ಲ, ಮೆಣಸುಮಂಡಿ ಅವರೇ. ಆ ವ್ಯಾಪ್ತಿ ಬಿಡಿ ಬಳ್ಳಿಗಳದ್ದಲ್ಲ, 1,200 ಬಳ್ಳಿಗಳ ಸರಾಸರಿ ಎಲ್ಲಿರಬಹುದು ಎಂಬುದರದ್ದು. ತೂಗಿದ ಎಂಟರಲ್ಲೇ 0.7, 0.9 ಮತ್ತು 6.4 ಈ ಮೂರೂ ಆ ವ್ಯಾಪ್ತಿಯ ಹೊರಗಿವೆ. ನಿಮಗೆ ಬೇಕಾದದ್ದು ಒಟ್ಟು ಸರಕು ಎಷ್ಟು ಬರಬಹುದೆಂಬುದಾದರೆ ಸರಾಸರಿಯ ವ್ಯಾಪ್ತಿಯನ್ನು 1,200ರಿಂದ ಗುಣಿಸಬೇಕು: ಸುಮಾರು 1,280 ಕೆ.ಜಿ.ಯಿಂದ 3,970 ಕೆ.ಜಿ.

ಮೆಣಸುಮಂಡಿ

ಹದಿಮೂರು ಕ್ವಿಂಟಲ್ ಇರಬಹುದು, ನಲವತ್ತು ಕ್ವಿಂಟಲ್ಲೂ ಇರಬಹುದು ಎಂದರೆ ಯಾರೂ ಮುಂಗಡ ಕೊಡುವುದಿಲ್ಲ.

ಕಾಫಿಕಣಿವೆ

ಅವರ ಮಾತು ನಿಜ, ನನಗೂ ಅದೇ ಚಿಂತೆ.

ಪ್ರಾಯಿಕ ಸರ್, 6.4ರ ಬಳ್ಳಿ ನಮ್ಮ ತಾತನ ಕಾಲದ ಒಂದು ಹಲಸಿನ ಮರದ ಮೇಲಿದೆ. ಏಣಿಯನ್ನು ಎರಡು ಕಡೆ ಇಟ್ಟು ಕೊಯ್ಯಬೇಕಾದಷ್ಟು ಎತ್ತರಕ್ಕೆ ಹಬ್ಬಿದೆ. ಉಳಿದ ಏಳೂ ಸಿಲ್ವರ್ ಓಕ್ ಮರಗಳ ಮೇಲಿರುವ ಪಣಿಯೂರು ಬಳ್ಳಿಗಳು. ತೋಟದ ಬಹುಪಾಲು ಸಿಲ್ವರ್ ಓಕ್. ಹಳೆಯ ಹಲಸು, ನೇರಳೆ, ಅತ್ತಿ ಮರಗಳ ಮೇಲೆ ಹಬ್ಬಿದ ಬಳ್ಳಿಗಳು ಅಲ್ಲಲ್ಲಿ ಚದುರಿವೆ. ಹಾಗಾದರೆ 6.4ನ್ನು ತೆಗೆದುಹಾಕಿ ಏಳರ ಮೇಲೆ ಲೆಕ್ಕ ಮಾಡಲೇ?

ಹಾಲುಹೊಳೆ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಮಂಡ್ಯದ ಕಡೆ ನಮ್ಮದೊಂದು ಸಣ್ಣ ಕೊಟ್ಟಿಗೆ ಇದೆ. ಒಂದು ಹಸುವಿನ ಮೂವತ್ತು ದಿನಗಳ ಹಾಲಿನ ಅಳತೆಗೆ ನಾನೂ ಇದೇ ಪ್ರೋಗ್ರಾಮನ್ನು ಓಡಿಸಿದ್ದೆ, ವ್ಯಾಪ್ತಿ ಬಹಳ ಕಿರಿದಾಗಿ ಬಂತು, ಗುಡ್ಡವೂ ಒಂದೇ, ನುಣುಪಾಗಿತ್ತು. ಹಾಗಾದರೆ ನನ್ನ ಅಂದಾಜು ಇವರದಕ್ಕಿಂತ ನಂಬಿಕೆಗೆ ಅರ್ಹ ಎಂದು ತಿಳಿಯಬಹುದೇ?

ಪ್ರಾಯಿಕ

ಹಾಲುಹೊಳೆ ಅವರೇ, ನಿಮ್ಮದು ಬೇರೆಯೇ ತೊಂದರೆ. ನಿನ್ನೆ ಹಾಲು ಕಡಿಮೆ ಕೊಟ್ಟ ಹಸು ಇಂದೂ ಕಡಿಮೆ ಕೊಡುವ ಸಂಭವ ಹೆಚ್ಚು. ಮೇವು ಬದಲಾದರೆ, ಮೈ ಬಿಸಿಯಾದರೆ ಅದರ ಪರಿಣಾಮ ಹಲವು ದಿನ ಇರುತ್ತದೆ. ಚೀಟಿಗಳನ್ನು ಒಂದೊಂದಾಗಿ ಎತ್ತಿದಾಗ ದಿನಗಳ ಈ ನಂಟು ಕಡಿದುಹೋಗುತ್ತದೆ, ಮೂವತ್ತು ದಿನಗಳು ಮೂವತ್ತು ಬೇರೆ ಬೇರೆ ಸಾಕ್ಷಿಗಳೆಂದು ಪ್ರೋಗ್ರಾಮು ಭಾವಿಸುತ್ತದೆ. ಗುಡ್ಡ ನುಣುಪಾಗಿರುವುದು ಇದರ ವಿರುದ್ಧ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಒಂದು ದಿನದ ಅಳತೆಯನ್ನು ಮರುದಿನದ ಅಳತೆಯ ಎದುರು ಇಟ್ಟು ಚುಕ್ಕಿ ಹಾಕಿ ನೋಡಿ. ಚುಕ್ಕಿಗಳು ಓರೆಯಾಗಿ ಮೇಲೇರುತ್ತಿದ್ದರೆ ನಿಮ್ಮ ವ್ಯಾಪ್ತಿ ಇರಬೇಕಾದ್ದಕ್ಕಿಂತ ಕಿರಿದು. ಅಂಥಲ್ಲಿ ಐದಾರು ದಿನಗಳ ತುಂಡುಗಳನ್ನು ಇಡಿಯಾಗಿ ಎತ್ತುವ ಕ್ರಮವೊಂದಿದೆ, ಆದರೆ ಮೂವತ್ತು ದಿನಗಳಿಗೆ ಅಂತಹ ತುಂಡುಗಳು ಐದಾರೇ ಆಗುವುದರಿಂದ ನೀವೂ ಕಾಫಿಕಣಿವೆಯವರ ಸ್ಥಿತಿಗೇ ಬರುತ್ತೀರಿ. ಅದೂ ಅಲ್ಲದೆ, ಒಂದೇ ಹಸುವಿನ ಅಳತೆ ಕೊಟ್ಟಿಗೆಯ ಉಳಿದ ಹಸುಗಳ ಬಗ್ಗೆ ಏನನ್ನೂ ಹೇಳದು. ಇದಕ್ಕೆ ಬೇರೆ ಎಳೆ ತೆರೆದರೆ ಅಲ್ಲಿ ಮಾತನಾಡೋಣ.

ಕಾಫಿಕಣಿವೆಯವರೇ, 6.4ನ್ನು ತೆಗೆಯಬೇಡಿ. ಅದು ತೂಕದ ತಪ್ಪಲ್ಲ, ತೋಟದಲ್ಲಿ ನಿಜವಾಗಿ ಇರುವ ಬಳ್ಳಿ, ಅದರ ಮೆಣಸನ್ನೂ ನೀವು ಮಾರುತ್ತೀರಿ. ತೆಗೆದರೆ ಸರಾಸರಿ 1.31ಕ್ಕೆ ಇಳಿದು ವ್ಯಾಪ್ತಿ ಸುಂದರವಾಗಿ ಕಿರಿದಾಗುತ್ತದೆ, ಆದರೆ ಅದು ಸಿಲ್ವರ್ ಓಕ್ ಬಳ್ಳಿಗಳ ಸರಾಸರಿಯೇ ಹೊರತು ತೋಟದ್ದಲ್ಲ. ಹಾಗೆಂದು ಈಗಿರುವಂತೆ ಬಿಟ್ಟರೂ ಸರಿಯಲ್ಲ, ಏಕೆಂದರೆ ನಿಮ್ಮ ಮಾದರಿಯಲ್ಲಿ ಹಳೆಯ ಮರದ ಬಳ್ಳಿ ಎಂಟಕ್ಕೆ ಒಂದು. ತೋಟದಲ್ಲೂ ಅಷ್ಟೇ ಇವೆಯೇ? ಆ ಎಣಿಕೆಗೆ ಮರಗಳನ್ನು ನೋಡಿಕೊಂಡು ನಡೆದರೆ ಸಾಕು, ತೂಕ ಬೇಕಿಲ್ಲ.

ಇನ್ನೊಂದು ಪ್ರಶ್ನೆ. ಆ ಹಲಸಿನ ಬಳ್ಳಿ ಎಂಟರಲ್ಲಿ ಹೇಗೆ ಸೇರಿತು? ಚೀಟಿ ಎತ್ತಿದಾಗ ಬಂತೇ, ಅಥವಾ ದೊಡ್ಡದಾಗಿ ಕಣ್ಣಿಗೆ ಬಿತ್ತೆಂದು ಆರಿಸಿದಿರೇ?

ಗಣಿತಮೇಡಂ

ಉತ್ತರ ಬರುವವರೆಗೆ ನನ್ನದೊಂದು ತಕರಾರು. ಇಷ್ಟೆಲ್ಲ ಕಸರತ್ತು ಏಕೆ? ಸಣ್ಣ ಮಾದರಿಗಳಿಗೆಂದು ಕಾಲೇಜಿನಲ್ಲಿ ಕಲಿಸುವ ಟಿ ಪಟ್ಟಿಯನ್ನು ತೆಗೆದು 0.66ನ್ನು 2.365ರಿಂದ ಗುಣಿಸಿ 1.95ರಿಂದ ಕಳೆದು, ಕೂಡಿಸಿದರೆ 0.39ರಿಂದ 3.51 ಬರುತ್ತದೆ. ಇದು ಬೂಟ್‌ಸ್ಟ್ರ್ಯಾಪ್ ವ್ಯಾಪ್ತಿಗಿಂತ ಅಗಲವಾಗಿದೆ, ಎಂಟೇ ಅಂಕಿಗಳಿರುವಾಗ ಅಗಲವಾಗಿರಲೇಬೇಕು. ಗಂಟೆಯಾಕಾರದಲ್ಲಿ ಹರಡಿದ ಅಂಕಿಗಳನ್ನೇ ತೆಗೆದುಕೊಂಡರೂ, ಎಂಟರ ಮಾದರಿಯಲ್ಲಿ ಎರಡು ತುದಿಗಳಲ್ಲಿ ಶೇ. 2.5ರಷ್ಟು ಸರಾಸರಿಗಳನ್ನು ಕತ್ತರಿಸಿ ಮಾಡುವ ಬೂಟ್‌ಸ್ಟ್ರ್ಯಾಪ್ ವ್ಯಾಪ್ತಿ ಶೇ. 95 ಎಂದು ಹೇಳಿಕೊಂಡು ನಿಜದಲ್ಲಿ ಶೇ. 89ರಷ್ಟು ಸಲ ಮಾತ್ರ ಸರಿಯಾದ ಸರಾಸರಿಯನ್ನು ಒಳಗೊಳ್ಳುತ್ತದೆ. ಓರೆಯಾಗಿ ಹರಡಿದ ಅಂಕಿಗಳಲ್ಲಿ ಇನ್ನೂ ಕಡಿಮೆ.

ಪ್ರಾಯಿಕ

ಮೇಡಂ, ಶೇ. 89ರ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ನಿಮ್ಮ ವ್ಯಾಪ್ತಿಯ ಕೆಳತುದಿಯನ್ನು ನೋಡಿ: 0.39. ತೂಗಿದ ಬಳ್ಳಿಗಳಲ್ಲಿ ಅತಿ ಬಡ ಬಳ್ಳಿಯೇ 0.7 ಕೊಟ್ಟಿರುವಾಗ ತೋಟದ ಸರಾಸರಿ 0.4 ಇರಬಹುದೆಂದು ಯಾವ ಬೆಳೆಗಾರರೂ ಒಪ್ಪಲಾರರು. ಟಿ ವ್ಯಾಪ್ತಿ ಎರಡೂ ಕಡೆ ಸಮನಾಗಿ ಚಾಚುತ್ತದೆ. ಇಲ್ಲಿ ಅನಿಶ್ಚಿತತೆ ಇರುವುದೆಲ್ಲ ಮೇಲುಗಡೆ, ತೂಗದೆ ಉಳಿದ ದೊಡ್ಡ ಬಳ್ಳಿಗಳು ಎಷ್ಟಿವೆ ಎಂಬುದರಲ್ಲಿ.

ಓರೆಯನ್ನು ಗಮನಿಸುವ ಬೂಟ್‌ಸ್ಟ್ರ್ಯಾಪ್-ಟಿ ಎಂಬ ವಿಧಾನವಿದೆ. ಪ್ರತಿ ಸಲ ಎತ್ತಿದ ಎಂಟರ ಸರಾಸರಿ 1.95ರಿಂದ ಎಷ್ಟು ದೂರವಿದೆ ಎಂಬುದನ್ನು ಆ ಎಂಟರದೇ ಮಾನಕ ದೋಷದಿಂದ ಭಾಗಿಸಿ, ಪಟ್ಟಿಯ 2.365ರ ಬದಲು ಹಾಗೆ ಬಂದ ಅಂಕಿಗಳನ್ನು ಬಳಸುವುದು. ಈ ಎಂಟು ಅಂಕಿಗಳ ಮೇಲೆ ಅದನ್ನು ಮಾಡಿದರೆ ಕೆಳತುದಿ ಸುಮಾರು 1ರಲ್ಲಿ ನಿಲ್ಲುತ್ತದೆ, ಅದು ಒಪ್ಪುವಂಥದ್ದು.

ಗಣಿತಮೇಡಂ

ಮೇಲ್ತುದಿಯನ್ನು ಏಕೆ ಹೇಳಲಿಲ್ಲ? ನಾನು ಮಾಡಿ ನೋಡಿದೆ. ಅದು 6.4ನ್ನೂ ದಾಟಿ ಹೋಗುತ್ತದೆ! ತೂಗಿದ ಅತಿ ದೊಡ್ಡ ಬಳ್ಳಿಗಿಂತ ತೋಟದ ಸರಾಸರಿ ಹೆಚ್ಚಿರಬಹುದೆಂದು ಹೇಳುವ ವಿಧಾನವನ್ನು ಮುಂದಿಟ್ಟುಕೊಂಡು ನನ್ನ 0.39ನ್ನು ಆಕ್ಷೇಪಿಸುವುದು ನ್ಯಾಯವೇ?

ಪ್ರಾಯಿಕ

ಮೇಲ್ತುದಿ ಹಾಗೆ ಹಾರುವುದಕ್ಕೂ ಕಾರಣ ಅದೇ ಬಳ್ಳಿ. 6.4 ಬಾರದ ಮೂರನೆಯ ಒಂದು ಪಾಲು ಸಲಗಳಲ್ಲಿ ಉಳಿದ ಅಂಕಿಗಳು ಒಂದಕ್ಕೊಂದು ಹತ್ತಿರವಿರುವುದರಿಂದ ಮಾನಕ ದೋಷ ಬಹಳ ಸಣ್ಣದಾಗಿ ಕಾಣುತ್ತದೆ, 2.3 ಕೂಡ ಬಾರದಿದ್ದರೆ ಇನ್ನೂ ಸಣ್ಣದು. ಅಂದರೆ ಹಲಸಿನ ಬಳ್ಳಿ ಸಿಗದೆ ಹೋದ ಮಾದರಿ ತನ್ನ ಅಂದಾಜು ಬಹಳ ಖಚಿತವೆಂದು ನಂಬಿಕೊಂಡೇ ತೀರ ಕೆಳಗೆ ತಪ್ಪಿರುತ್ತದೆ. ಅಂತಹ ಮಾದರಿ ಕಾಫಿಕಣಿವೆಯವರದೂ ಆಗಿದ್ದಿರಬಹುದು ಎಂಬ ಭಯವನ್ನು ಆ ವಿಧಾನ ಮೇಲ್ತುದಿಯಲ್ಲಿ ಹೇಳುತ್ತದೆ. ಅಂಕಿಯನ್ನು ನಾನು ನಂಬುವುದಿಲ್ಲ, ಆದರೆ ಎಂಟರಿಂದ ಮೇಲ್ತುದಿಯನ್ನು ಹೇಳಲು ಬರುವುದಿಲ್ಲವೆಂಬ ಸೂಚನೆಯನ್ನು ನಂಬುತ್ತೇನೆ.

ಗಣಿತಮೇಡಂ

ನಂಬಲಾಗದ ಅಂಕಿಯನ್ನು ಸೂಚನೆ ಎಂದು ಕರೆಯುವುದಕ್ಕಿಂತ ಟಿ ವ್ಯಾಪ್ತಿಯನ್ನು ಕೊಟ್ಟು, ಕೆಳತುದಿಯನ್ನು ಬಿಟ್ಟುಬಿಡಿ ಎಂದು ಹೇಳುವುದು ಓದುವವರಿಗೆ ಸುಲಭ. ಇಲ್ಲಿ ನಮ್ಮಿಬ್ಬರ ಅಭಿಪ್ರಾಯ ಕೂಡುವುದಿಲ್ಲ.

ಕಾಫಿಕಣಿವೆ

ಸರ್, ಮೇಡಂ, ಉತ್ತರ ತಡವಾಯಿತು.

ಮೇಸ್ತ್ರಿಯನ್ನು ಕರೆದುಕೊಂಡು ಸಾಲು ಸಾಲಾಗಿ ಎಣಿಸಿದೆವು. ಹಳೆಯ ಕಾಡು ಮರಗಳ ಮೇಲಿನ ಬಳ್ಳಿಗಳು ಅರವತ್ತು, ಉಳಿದ 1,140 ಸಿಲ್ವರ್ ಓಕ್ ಮೇಲೆ. ಅಂದರೆ ಎಂಟಕ್ಕೆ ಒಂದಲ್ಲ, ಇಪ್ಪತ್ತಕ್ಕೆ ಒಂದು. ಆ ಹಲಸಿನ ಬಳ್ಳಿಯನ್ನು ಯಾರೂ ಚೀಟಿ ಎತ್ತಿ ಆರಿಸಿರಲಿಲ್ಲ. ಕೊಯ್ಲಿನವರು ಆ ದಿನ ಅಲ್ಲಿಂದ ಶುರು ಮಾಡಿದ್ದರಿಂದ ಅದು ಸೇರಿಕೊಂಡಿತು. ಉಳಿದ ಏಳು ಕೂಡ ಜೀಪು ಹೋಗುವ ದಾರಿಯ ಎರಡು ಬದಿಗಳಲ್ಲಿ ಇರುವಂಥವು.

ಎರಡು ಗುಂಪುಗಳನ್ನು ಬೇರೆ ಮಾಡಿ, ಏಳರ ಸರಾಸರಿ 1.314ಕ್ಕೆ 0.95, ಹಳೆಯ ಮರದ 6.4ಕ್ಕೆ 0.05 ಪಾಲು ಕೊಟ್ಟರೆ 1.57 ಬರುತ್ತದೆ, ಒಟ್ಟು ಸುಮಾರು 1,880 ಕೆ.ಜಿ. ಮೊದಲಿನ 2,340ಕ್ಕಿಂತ ಬಹಳ ಕಡಿಮೆ. ಆದರೆ ಬೂಟ್‌ಸ್ಟ್ರ್ಯಾಪ್ ಹೇಗೆ ಮಾಡುವುದು? ಹಳೆಯ ಮರದ ಗುಂಪಿನಲ್ಲಿ ಒಂದೇ ಚೀಟಿ ಇದೆ.

ಕೋಡುಗಾರ

ಒಂದೇ ಚೀಟಿ ಇದ್ದರೆ ಪ್ರತಿ ಸಲವೂ 6.4 ಬರುತ್ತದೆ, ಆ ಗುಂಪಿನಲ್ಲಿ ಅನಿಶ್ಚಿತತೆ ಸೊನ್ನೆ ಎಂದು ಪ್ರೋಗ್ರಾಮು ಹೇಳುತ್ತದೆ. ಇದು ತಪ್ಪೆಂದು ನನಗೂ ಈಗ ಕಾಣುತ್ತಿದೆ. ಹಳೆಯ ಮರಗಳ ಕೊಯ್ಲು ಇನ್ನೂ ಬಾಕಿ ಇದೆಯೇ?

ಕಾಫಿಕಣಿವೆ

ಬಾಕಿ ಇದೆ, ಎತ್ತರದ ಮರಗಳನ್ನು ಕೊನೆಗೆ ಇಟ್ಟುಕೊಳ್ಳುತ್ತೇವೆ. ಈ ಸಲ ಮರಗಳಿಗೆ ಸಂಖ್ಯೆ ಕೊಟ್ಟು ಚೀಟಿ ಎತ್ತಿಸಿ ಮೂರು ಬಳ್ಳಿಗಳನ್ನು ಆರಿಸುತ್ತೇನೆ. ಒಣಗಲು ಸ್ವಲ್ಪ ಸಮಯ ಬೇಕು.

ಪ್ರಾಯಿಕ

ಒಳ್ಳೆಯದು. ಗುಂಪು ಮಾಡುವ ಮುನ್ನ ಒಂದು ಎಚ್ಚರಿಕೆ. ತೂಕ ನೋಡಿದ ಮೇಲೆ ಹೆಚ್ಚು ಕೊಟ್ಟವು ಒಂದು ಗುಂಪು, ಕಡಿಮೆ ಕೊಟ್ಟವು ಇನ್ನೊಂದು ಗುಂಪು ಎಂದು ವಿಂಗಡಿಸಿದರೆ ಅನಿಶ್ಚಿತತೆಯನ್ನು ಬಚ್ಚಿಟ್ಟಂತಾಗುತ್ತದೆ. ನಿಮ್ಮ ವಿಂಗಡಣೆ ಮರದ ಜಾತಿಯ ಮೇಲೆ ನಿಂತಿದೆ, ಕೊಯ್ಯುವ ಮೊದಲೇ ಕಣ್ಣಿಗೆ ಕಾಣುತ್ತದೆ ಮತ್ತು ತೋಟದಲ್ಲಿ ಎಷ್ಟೆಷ್ಟು ಇವೆ ಎಂದು ಎಣಿಸಿಯಾಗಿದೆ. ಆದ್ದರಿಂದ ಇಲ್ಲಿ ತೊಂದರೆಯಿಲ್ಲ. ಅಂಕಿಗಳು ಬಂದ ಮೇಲೆ ಎರಡು ಡಬ್ಬಿಗಳನ್ನು ಬೇರೆ ಇಟ್ಟು, ಒಂದರಿಂದ ಏಳನ್ನೂ ಇನ್ನೊಂದರಿಂದ ನಾಲ್ಕನ್ನೂ ಮರಳಿ ಹಾಕುತ್ತ ಎತ್ತಿ, ಸರಾಸರಿಗಳನ್ನು 0.95 ಮತ್ತು 0.05ರ ಪಾಲಿನಲ್ಲಿ ಕೂಡಿಸಿ. ಎರಡು ಡಬ್ಬಿಗಳ ಚೀಟಿಗಳು ಎಂದೂ ಬೆರೆಯಬಾರದು.

ಕಾಫಿಕಣಿವೆ

ಒಣಗಿಸಿ ತೂಗಿಯಾಯಿತು. ಹೊಸ ಮೂರು ಬಳ್ಳಿಗಳು 3.8, 5.1 ಮತ್ತು 4.3 ಕೊಟ್ಟಿವೆ. ಹಲಸಿನ 6.4 ಸೇರಿ ಹಳೆಯ ಮರಗಳ ಸರಾಸರಿ 4.9.

```python
a = np.array([0.9, 1.4, 1.1, 2.3, 0.7, 1.6, 1.2])
b = np.array([6.4, 3.8, 5.1, 4.3])
ma = rng.choice(a, size=(10000, 7)).mean(axis=1)
mb = rng.choice(b, size=(10000, 4)).mean(axis=1)
t = 0.95*ma + 0.05*mb
print(t.mean(), t.std())
```

ಸರಾಸರಿ 1.49, ಮಾನಕ ದೋಷ 0.18 ಎಂದು ಬರುತ್ತಿದೆ. ಗುಡ್ಡ ಈಗ ಒಂದೇ. ಮೂರೇ ಬಳ್ಳಿ ಹೆಚ್ಚು ತೂಗಿದ್ದಕ್ಕೆ 0.62 ಇದ್ದದ್ದು 0.18ಕ್ಕೆ ಇಳಿಯಿತೆಂದರೆ ನಂಬಲು ಕಷ್ಟವಾಗುತ್ತಿದೆ.

ಪ್ರಾಯಿಕ

ಇಳಿದದ್ದು ಮೂರು ಬಳ್ಳಿಗಳಿಂದ ಅಷ್ಟಾಗಿ ಅಲ್ಲ, ಅರವತ್ತು ಎಂಬ ಎಣಿಕೆಯಿಂದ. ಮೊದಲ ಲೆಕ್ಕದಲ್ಲಿ ದೊಡ್ಡ ಬಳ್ಳಿಗಳು ತೋಟದಲ್ಲಿ ಎಷ್ಟು ಪಾಲು ಇವೆಯೆಂಬುದೇ ತಿಳಿಯದೆ, 6.4ರ ಚೀಟಿ ಸೊನ್ನೆಯಿಂದ ನಾಲ್ಕು ಬಾರಿಯವರೆಗೆ ಬರುತ್ತಿತ್ತು, ಹೆಚ್ಚಿನ ಏರಿಳಿತ ಅಲ್ಲಿಂದಲೇ. ಈಗ ಆ ಪಾಲು ಶೇ. 5 ಎಂದು ಗೊತ್ತಿರುವುದರಿಂದ ಉಳಿದದ್ದು ಸಿಲ್ವರ್ ಓಕ್ ಬಳ್ಳಿಗಳ ಒಳಗಿನ ವ್ಯತ್ಯಾಸ ಮಾತ್ರ. ಹಳೆಯ ಮರದ ನಾಲ್ಕು ಬಳ್ಳಿಗಳು ತಮ್ಮೊಳಗೆ ಎಷ್ಟೇ ಬೇರೆಯಾಗಿದ್ದರೂ ಅವುಗಳ ಪಾಲು 0.05 ಆದ್ದರಿಂದ ಮೊತ್ತದಲ್ಲಿ ಅವುಗಳ ಕೊಡುಗೆ ಅಲ್ಪ.

0.18ನ್ನು 0.19 ಎಂದು ಓದಿಕೊಳ್ಳಿ. ಏಳರಿಂದ ಭಾಗಿಸುವುದಕ್ಕೂ ಆರರಿಂದ ಭಾಗಿಸುವುದಕ್ಕೂ ಇರುವ ಆ ಹಳೆಯ ವ್ಯತ್ಯಾಸ ಇಲ್ಲಿಯೂ ಇದೆ. ಒಟ್ಟು ಫಸಲು ಸುಮಾರು 1,790 ಕೆ.ಜಿ., ಅದರ ಮಾನಕ ದೋಷ 230 ಕೆ.ಜಿ. ಮೆಣಸುಮಂಡಿ ಅವರಿಗೆ ಇದರ ಎರಡು ಪಟ್ಟಿಗಿಂತ ಸ್ವಲ್ಪ ಹೆಚ್ಚನ್ನೇ ಆಚೀಚೆ ಹೇಳಿ.

ಮೆಣಸುಮಂಡಿ

ಹನ್ನೆರಡರಿಂದ ಇಪ್ಪತ್ತಮೂರು ಕ್ವಿಂಟಲ್. ಇದರ ಮೇಲೆ ಮಾತನಾಡಬಹುದು. ಆದರೆ ದಾರಿ ಬದಿಯ ಬಳ್ಳಿಗಳಿಗೆ ಬಿಸಿಲೂ ಹೆಚ್ಚು, ಗೊಬ್ಬರವೂ ಮೊದಲು ಅಲ್ಲಿಗೇ ಬೀಳುತ್ತದೆ. ಏಳೂ ಬಳ್ಳಿಗಳು ಜೀಪಿನ ದಾರಿಯಲ್ಲಿ ಇದ್ದವೆಂದು ನೀವೇ ಬರೆದಿದ್ದೀರಿ. ಒಳಗಿನ ಬಳ್ಳಿಗಳು ಅಷ್ಟು ಕೊಡುತ್ತವೆಯೇ?

ಗಣಿತಮೇಡಂ

ಇದುವರೆಗಿನ ಚರ್ಚೆಯಲ್ಲಿ ಅತ್ಯಂತ ಮುಖ್ಯವಾದ ಪ್ರಶ್ನೆ ಇದೇ ಎಂದು ನನಗನ್ನಿಸುತ್ತದೆ. ಆ ಏಳು ಚೀಟಿಗಳನ್ನು ಎಷ್ಟು ಸಲ ಎತ್ತಿದರೂ ಎಲ್ಲವೂ ದಾರಿ ಬದಿಯವೇ ಬರುತ್ತವೆ, ಅವುಗಳ ಸರಾಸರಿ ತೋಟದ ಒಳಭಾಗಕ್ಕಿಂತ ಹೆಚ್ಚಿದ್ದರೆ 0.19ರಲ್ಲಿ ಅದರ ಸುಳಿವೂ ಇರುವುದಿಲ್ಲ.

ಕಾಫಿಕಣಿವೆ

ಒಳಗಿನ ಸಿಲ್ವರ್ ಓಕ್ ಸಾಲುಗಳ ಕೊಯ್ಲು ಮುಗಿದು ಎಲ್ಲ ಮೆಣಸೂ ಒಂದೇ ಕಣದಲ್ಲಿ ಬೆರೆತುಹೋಗಿದೆ. ಕೊಯ್ಲಿನವರ ದಿನದ ಚೀಟಿಯಲ್ಲಿ ಯಾವ ಸಾಲಿನಿಂದ ಎಷ್ಟು ಚೀಲ ಹಸಿ ಮೆಣಸು ಬಂತೆಂದು ಮೇಸ್ತ್ರಿ ಬರೆದಿಟ್ಟಿರುತ್ತಾರೆ, ಬಳ್ಳಿವಾರು ಅಲ್ಲ, ಸಾಲುವಾರು. ದಾರಿ ಬದಿಯ ಸಾಲುಗಳನ್ನೂ ಒಳಗಿನ ಸಾಲುಗಳನ್ನೂ ಅದರಿಂದ ಹೋಲಿಸಬಹುದೇ, ಆಗ ಚೀಟಿ ಎತ್ತಬೇಕಾದದ್ದು ಬಳ್ಳಿಗಳನ್ನೋ ಸಾಲುಗಳನ್ನೋ?

ಪ್ರಾಯಿಕ

ಸಾಲುಗಳನ್ನು. ಒಂದೇ ಸಾಲಿನ ಬಳ್ಳಿಗಳಿಗೆ ಮಣ್ಣು, ನೀರು, ನೆರಳು ಎಲ್ಲವೂ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅವನ್ನು ಬಿಡಿ ಬಿಡಿಯಾಗಿ ಎಣಿಸಬಾರದು. ಪ್ರತಿ ಸಾಲಿನಲ್ಲಿ ಎಷ್ಟು ಬಳ್ಳಿಗಳಿವೆ ಎಂಬುದನ್ನೂ ಬರೆದುಕೊಳ್ಳಿ, ಉದ್ದದ ಸಾಲು ಹೆಚ್ಚು ಚೀಲ ಕೊಟ್ಟಿತೆಂದು ಮೋಸ ಹೋಗದಂತೆ. ಒಂದು ಚೀಲದ ಹಸಿ ತೂಕ ಎಲ್ಲ ದಿನವೂ ಒಂದೇ ಇತ್ತೇ ಎಂದು ಮೇಸ್ತ್ರಿಯವರನ್ನು ಕೇಳಿ, ಆಮೇಲೆ ಸಾಲುವಾರು ಪಟ್ಟಿಯನ್ನು ಇಲ್ಲಿ ಹಾಕಿ.